ಆತಂಕದ ಕಾಯಿಲೆ ಇರುವವರು ಪರೀಕ್ಷಾ ವಿಭಾಗಕ್ಕೆ ಮನವಿ ಪತ್ರ ಬರೆಯುವುದು ಹೇಗೆ?

"ನನಗೆ ಆತಂಕದ ಕಾಯಿಲೆ ಇದೆ. ಪರೀಕ್ಷೆ ಬರೆಯಲು ತುಂಬಾ ಕಷ್ಟವಾಗುತ್ತದೆ. ದಯವಿಟ್ಟು ಅನುಕೂಲ ಮಾಡಿಕೊಡಿ." ವಿದ್ಯಾರ್ಥಿಗಳು ಬರೆದು ತಂದು ತೋರಿಸುವ ಪತ್ರಗಳು ಸಾಮಾನ್ಯವಾಗಿ ಇಷ್ಟೇ ಇರುತ್ತವೆ. ಜೊತೆಗೆ ವೈದ್ಯರ ಚೀಟಿಯ ಒಂದು ಜೆರಾಕ್ಸ್. ಬರೆದವರ ಕಷ್ಟ ನಿಜ. ಆದರೆ ಈ ಪತ್ರ ಮೊದಲು ಹೋಗುವುದು ಒಬ್ಬ ಕೇಸ್ ವರ್ಕರ್ ಟೇಬಲ್ಲಿಗೆ. ಅವರು ಇದರ ಮೇಲೆ ಕಡತದಲ್ಲಿ ಟಿಪ್ಪಣಿ ಬರೆದು ಸೂಪರಿಂಟೆಂಡೆಂಟರ ಮುಂದಿಡಬೇಕು. ಅಲ್ಲಿಂದ ಅದು ಮೇಲೆ ಹೋಗಿ ಕುಲಸಚಿವರ ಸಹಿಗೆ ಬರಬೇಕು. ಟಿಪ್ಪಣಿಯಲ್ಲಿ ಏನಂತ ಬರೆಯುವುದು? ಏನು ಅನುಕೂಲ, ಯಾವ ಕೇಂದ್ರದಲ್ಲಿ, ಯಾವ ಕಾನೂನಿನ ಪ್ರಕಾರ? ಪತ್ರದಲ್ಲಿ ಅದೇನೂ ಇಲ್ಲದಿದ್ದರೆ "ನಿಯಮಾನುಸಾರ ಪರಿಶೀಲಿಸಬಹುದು" ಅಂತ ಒಂದು ಸಾಲು ಬಿದ್ದು ಕಡತ ಅಲ್ಲೇ ಮಲಗುತ್ತದೆ.

ಹಾಗಾಗಿ ಪತ್ರ ಹೇಗಿರಬೇಕು ಅಂದರೆ, ಕೇಸ್ ವರ್ಕರ್ ಅದನ್ನೇ ನೋಡಿಕೊಂಡು ಟಿಪ್ಪಣಿ ಬರೆಯುವಂತಿರಬೇಕು. ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುವವನು. ಪರೀಕ್ಷೆ ಬಂತೆಂದರೆ ಕೊಠಡಿ ಮೇಲ್ವಿಚಾರಣೆಯ ಡ್ಯೂಟಿ ನಮಗೆ ತಪ್ಪಿದ್ದಲ್ಲ. ಇಂಥ ಆದೇಶ ಕೇಂದ್ರಕ್ಕೆ ಬಂದಾಗ ಅದನ್ನು ಜಾರಿ ಮಾಡುವವರು ನಾವೇ. ಆ ಕಡೆಯಿಂದ ನೋಡಿ ಬರೆಯುತ್ತಿದ್ದೇನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್ ವಿದ್ಯಾರ್ಥಿನಿ. ರಾಜ್ಯದ ಒಂದು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು. ಮನೋವೈದ್ಯರು ಪ್ಯಾನಿಕ್ ಡಿಸಾರ್ಡರ್ ಎಂದು ಗುರುತಿಸಿ ಒಂದು ವರ್ಷದಿಂದ ಚಿಕಿತ್ಸೆ ಕೊಡುತ್ತಿದ್ದಾರೆ. ಓದಿನಲ್ಲಿ ಚೆನ್ನಾಗಿದ್ದಾಳೆ. ಮೂರನೇ ಸೆಮಿಸ್ಟರಿನಲ್ಲಿ ಎರಡು ಪೇಪರ್ ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದಾಳೆ.

ಮೊದಲು ಕೊಠಡಿಯೊಳಗೆ ಆಗುವುದನ್ನು ಬರೆದುಕೊಳ್ಳಿ

ಪತ್ರ ಬರೆಯಲು ಕೂರುವ ಮುಂಚೆ ಒಂದು ಹಾಳೆಯಲ್ಲಿ ಪರೀಕ್ಷೆಯ ದಿನವನ್ನು ಬೆಲ್‌ನಿಂದ ಬೆಲ್‌ವರೆಗೆ ಬರೆಯಿರಿ. ಎಲ್ಲಿ ಕೂತಿದ್ದೆ, ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ಆಗ ಏನು ಮಾಡಲು ಆಗಲಿಲ್ಲ. ಕಾಯಿಲೆಯ ಹೆಸರಿಗಿಂತ ಈ ಹಾಳೆ ಮುಖ್ಯ. ಯಾಕೆಂದರೆ ಒಂದೇ ಹೆಸರಿನ ಕಾಯಿಲೆ ಇಬ್ಬರಿಗೆ ಬೇರೆ ಬೇರೆ ಥರ ತೊಂದರೆ ಕೊಡುತ್ತದೆ.

ನಮ್ಮ ವಿದ್ಯಾರ್ಥಿನಿಯ ಹಾಳೆ ಹೀಗಿತ್ತು ಅನ್ನಿ. ದೊಡ್ಡ ಹಾಲ್, ನಡುವಿನ ಸಾಲು, ಸುತ್ತ ಎಂಬತ್ತು ಜನ. ಪ್ರಶ್ನೆಪತ್ರಿಕೆ ಕೊಟ್ಟ ಸುಮಾರು ಕಾಲು ಗಂಟೆಗೆ ಎದೆ ಹೊಡೆದುಕೊಳ್ಳಲು ಶುರು. ಕೈ ಬೆವರಿ ಪೆನ್ ಜಾರುತ್ತದೆ. ಉಸಿರು ಕಟ್ಟಿದಂತೆ ಆಗುತ್ತದೆ. ಹೊರಗೆ ಹೋಗಲು ಕೇಳಿದರೆ "ಅರ್ಧ ಗಂಟೆ ಆಗೋವರೆಗೆ ಯಾರನ್ನೂ ಬಿಡೋ ಹಾಗಿಲ್ಲ" ಎನ್ನುತ್ತಾರೆ. ಹೊರಗೆ ಹೋಗಲು ಆಗುವುದಿಲ್ಲ ಅಂತ ಗೊತ್ತಾದ ಕೂಡಲೇ ಅದು ಇನ್ನೂ ಜಾಸ್ತಿಯಾಗುತ್ತದೆ. ಹೊರಗೆ ಬಿಟ್ಟಿದ್ದರೆ ಹತ್ತು-ಹದಿನೈದು ನಿಮಿಷದಲ್ಲಿ ತಗ್ಗಿ ಮತ್ತೆ ಬರೆಯಬಹುದಿತ್ತು. ಮನೆಯಲ್ಲಿ, ಕ್ಲಾಸಿನಲ್ಲಿ ಹಾಗೇ ಆಗುತ್ತದೆ.

ಇಲ್ಲಿ ಗಮನಿಸಿ. ಪ್ಯಾನಿಕ್ ಅಟ್ಯಾಕ್ ಕೆಲವೇ ನಿಮಿಷದಲ್ಲಿ ಮೇಲಕ್ಕೇರಿ, ಆಮೇಲೆ ತಾನಾಗಿ ಇಳಿಯುತ್ತದೆ. ಇವಳ ಬರವಣಿಗೆ ನಿಧಾನವಲ್ಲ. ಇವಳಿಗೆ ಕೆಟ್ಟಿದ್ದು ಒಂದು ಹದಿನೈದು ನಿಮಿಷ. ಆ ಹದಿನೈದು ನಿಮಿಷ ಕೊಠಡಿಯೊಳಗೇ ಸಿಕ್ಕಿಹಾಕಿಕೊಂಡಿದ್ದರಿಂದ ಮೂರು ಗಂಟೆ ಕೈಬಿಟ್ಟು ಹೋಯಿತು.

ದಿನವಿಡೀ ಚಿಂತೆ ಕಾಡುವ ಜನರಲೈಸ್ಡ್ ಆಂಕ್ಸೈಟಿ ಇರುವವರ ಹಾಳೆ ಬೇರೆಯೇ ಇರುತ್ತದೆ. ಅವರು ಎದ್ದು ಹೋಗುವುದಿಲ್ಲ. ಅದೇ ಪ್ರಶ್ನೆಯನ್ನು ನಾಲ್ಕು ಸಲ ಓದುತ್ತಾರೆ. ಬರೆದ ಉತ್ತರ ಹೊಡೆದು ಹಾಕಿ ಮತ್ತೆ ಬರೆಯುತ್ತಾರೆ. ಸಮಯ ಸಾಲುವುದಿಲ್ಲ. ಸೋಶಿಯಲ್ ಆಂಕ್ಸೈಟಿ ಇರುವವರಿಗೆ ಬರವಣಿಗೆಯ ಪರೀಕ್ಷೆ ಪರವಾಗಿಲ್ಲ, ವೈವಾ ಬಂದರೆ ಬಾಯಿ ಕಟ್ಟುತ್ತದೆ. ಮೂವರೂ ಒಂದೇ ಅನುಕೂಲ ಕೇಳಿದರೆ ಇಬ್ಬರಿಗಾದರೂ ಅದು ದಂಡ.

ಏನು ಕೇಳಬೇಕು

ಎಲ್ಲರೂ ಮೊದಲು ಕೇಳುವುದು ಎಕ್ಸ್‌ಟ್ರಾ ಟೈಮ್. ಅಂಗವಿಕಲರ ಪರೀಕ್ಷೆಗೆ ಕೇಂದ್ರ ಸರ್ಕಾರ 2018ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಎಂದಿತ್ತು. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಮೇಲೆ ಹೇಳಿದ ಎರಡನೆಯ ಥರದವರಿಗೆ ಇದು ನಿಜವಾಗಿ ಬೇಕು. ನಮ್ಮ ವಿದ್ಯಾರ್ಥಿನಿಗೆ ಇದರಿಂದ ಏನೂ ಆಗುವುದಿಲ್ಲ. ಹೊರಗೆ ಬಿಡದೆ ನಾಲ್ಕು ಗಂಟೆ ಕೂರಿಸಿದರೆ ಏನು ಬಂತು? ಅವಳಿಗೆ ಬೇಕಾಗಿರುವುದು ಗಡಿಯಾರ ನಿಲ್ಲಿಸುವ ವಿರಾಮ. ಅಂದರೆ ತೊಂದರೆ ಶುರುವಾದಾಗ ಹೊರಗೆ ಹೋಗಿ ಬರಬಹುದು, ಹೊರಗಿದ್ದಷ್ಟು ನಿಮಿಷವನ್ನು ಕೊನೆಗೆ ಸೇರಿಸಿ ಕೊಡಬೇಕು. ಒಟ್ಟು ಗರಿಷ್ಠ 30 ನಿಮಿಷ ಅಂತ ತಾವೇ ಮಿತಿ ಹಾಕಿಕೊಂಡು ಕೇಳಿದರೆ ಒಪ್ಪುವುದು ಸುಲಭ. ಬಾಗಿಲ ಪಕ್ಕದ ಬೆಂಚು ಅದಕ್ಕೆ ಜೊತೆ. ಎದ್ದು ಹೋಗುವಾಗ ಎಂಬತ್ತು ಜನ ತಲೆ ಎತ್ತಿ ನೋಡುವುದು ತಪ್ಪುತ್ತದೆ.

ಬೇರೆ ಕೊಠಡಿ ಕೇಳುವ ಮುಂಚೆ ಸ್ವಲ್ಪ ಯೋಚಿಸಿ. ಖಾಲಿ ಕೊಠಡಿಯಲ್ಲಿ ಒಬ್ಬ ಮೇಲ್ವಿಚಾರಕರು ಎದುರಿಗೇ ಕೂತು ನೋಡುತ್ತಿದ್ದರೆ ಕೆಲವರಿಗೆ ಆತಂಕ ಇನ್ನಷ್ಟು ಹೆಚ್ಚುತ್ತದೆ. ಹತ್ತು-ಹದಿನೈದು ಜನ ಇರುವ ಸಣ್ಣ ಕೊಠಡಿ ಹೆಚ್ಚಿನವರಿಗೆ ಒಗ್ಗುತ್ತದೆ. ಕೇಂದ್ರದಲ್ಲಿ ಅಂಥ ಕೊಠಡಿ ಇದ್ದೇ ಇರುತ್ತದೆ, ವಿದ್ಯಾರ್ಥಿಗಳು ಕಡಿಮೆ ಇರುವ ವಿಷಯಗಳಿಗೆ. ಕಿರುಪರೀಕ್ಷೆ ನಡೆಯುವಾಗಲೇ ಇದನ್ನು ಒಂದು ಸಲ ನೋಡಿಬಿಡಿ. ಕಾಲೇಜು ಒಪ್ಪಿದರೆ ಸಾಕು, ವಿಶ್ವವಿದ್ಯಾಲಯದ ಅನುಮತಿ ಬೇಕಿಲ್ಲ. ಅಲ್ಲಿ ಅನುಕೂಲವಾಗಿದ್ದರೆ ಪ್ರಾಂಶುಪಾಲರೇ ಅದನ್ನು ಶಿಫಾರಸಿನಲ್ಲಿ ಬರೆಯಬಹುದು.

ಬರಹಗಾರರನ್ನು, ಅಂದರೆ ಸ್ಕ್ರೈಬ್ ಕೇಳುವುದು ಆತಂಕದ ಕಾಯಿಲೆಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಕೈ ನಡುಗಿ ಬರೆಯಲು ಆಗುವುದೇ ಇಲ್ಲ ಅಂತ ವೈದ್ಯರು ಬರೆದುಕೊಟ್ಟರೆ ಮಾತು ಬೇರೆ.

ಪರೀಕ್ಷೆಯ ದಿನಾಂಕ ನನ್ನೊಬ್ಬಳಿಗೆ ಬದಲಾಯಿಸಿ, ಸುಲಭದ ಪೇಪರ್ ಕೊಡಿ, ಗ್ರೇಸ್ ಮಾರ್ಕ್ಸ್ ಕೊಡಿ ಎಂದು ಬರೆಯಬೇಡಿ. ಅಫಿಲಿಯೇಟೆಡ್ ಕಾಲೇಜುಗಳ ಪರೀಕ್ಷೆ ಎಲ್ಲ ಕಡೆ ಒಂದೇ ಹೊತ್ತಿಗೆ ನಡೆಯುತ್ತದೆ. ಅದನ್ನು ಮುಟ್ಟುವ ಕೋರಿಕೆ ಒಂದಿದ್ದರೂ ಉಳಿದ ನ್ಯಾಯವಾದ ಕೋರಿಕೆಗಳೂ ಅದರ ಜೊತೆ ತಿರಸ್ಕಾರವಾಗುತ್ತವೆ.

ಇನ್ನೊಂದು ವಿಷಯ, ಇದು ಪರೀಕ್ಷಾ ಡ್ಯೂಟಿ ಮಾಡಿದವರಿಗೆ ಮಾತ್ರ ಹೊಳೆಯುವಂಥದ್ದು. ಯಾವ ಅನುಕೂಲ ಕೇಳಿದರೂ ಕಚೇರಿಯ ತಲೆಯಲ್ಲಿ ಮೊದಲು ಬರುವ ಪ್ರಶ್ನೆ, "ಕಾಪಿ ಹೊಡೆದರೆ?" ಅದನ್ನು ಅವರು ಬಾಯಿಬಿಟ್ಟು ಕೇಳುವುದಿಲ್ಲ. ಸುಮ್ನೆ ಕಡತ ಬದಿಗಿಡುತ್ತಾರೆ. ಅದಕ್ಕೇ ಉತ್ತರವನ್ನು ಪತ್ರದಲ್ಲೇ ಬರೆದುಬಿಡಿ: ಹೊರಗೆ ಹೋಗುವಾಗ ಉತ್ತರ ಪತ್ರಿಕೆ, ಪ್ರಶ್ನೆಪತ್ರಿಕೆ ಎರಡೂ ಮೇಲ್ವಿಚಾರಕರ ಹತ್ತಿರ ಇರಲಿ, ಒಬ್ಬ ಮಹಿಳಾ ಸಿಬ್ಬಂದಿ ಜೊತೆಗಿರಲಿ, ಹೋದ ಮತ್ತು ಬಂದ ಸಮಯ ಬರೆದುಕೊಳ್ಳಲಿ. ಈ ಮೂರು ಮಾತಿದ್ದರೆ ಟಿಪ್ಪಣಿ ಬರೆಯುವವರ ಭಯ ಅರ್ಧಕ್ಕರ್ಧ ಹೋಗುತ್ತದೆ.

ವೈದ್ಯರಿಂದ ಏನು ಬರೆಸಬೇಕು

ಔಷಧದ ಚೀಟಿ ಸಾಲದು. ಅದರಲ್ಲಿ ಮಾತ್ರೆಯ ಹೆಸರು ಇರುತ್ತದೆ, ಪರೀಕ್ಷೆಗೂ ಕಾಯಿಲೆಗೂ ಏನು ಸಂಬಂಧ ಅಂತ ಇರುವುದಿಲ್ಲ. ಬೇಕಾಗಿರುವುದು ಲೆಟರ್‌ಹೆಡ್ ಮೇಲೆ ಪ್ರತ್ಯೇಕ ಪ್ರಮಾಣಪತ್ರ. ಮನೋವೈದ್ಯರದ್ದಾದರೆ ಅವರ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ, ಸಹಿ, ಸೀಲು, ದಿನಾಂಕ ಇರಬೇಕು. ಸರ್ಕಾರಿ ಆಸ್ಪತ್ರೆಯ ಪತ್ರಕ್ಕೆ ಕಚೇರಿಗಳಲ್ಲಿ ತೂಕ ಜಾಸ್ತಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರಿರುತ್ತಾರೆ. ಬೆಂಗಳೂರು ಹತ್ತಿರವಿದ್ದರೆ ನಿಮ್ಹಾನ್ಸ್ ಇದೆ. ಕಾಲೇಜಿನ ಕೌನ್ಸೆಲರ್ ಪತ್ರವನ್ನು ಜೊತೆಗಿಡಬಹುದು, ಅದೊಂದನ್ನೇ ಇಡಬೇಡಿ.

ವೈದ್ಯರಿಗೆ ಓಪಿಡಿಯಲ್ಲಿ ಸಮಯ ಇರುವುದಿಲ್ಲ. ನೀವು ಬರೆದ ಆ ಕೊಠಡಿಯ ಹಾಳೆಯನ್ನು ಅವರ ಮುಂದಿಡಿ. ಅದು ಇಲ್ಲದಿದ್ದರೆ ಹೆಚ್ಚಿನ ವೈದ್ಯರು "ಈಕೆ ಚಿಕಿತ್ಸೆಯಲ್ಲಿದ್ದಾಳೆ, ಅಗತ್ಯ ಸಹಕಾರ ನೀಡಿ" ಎಂದು ಒಂದು ಸಾಲು ಬರೆದು ಕೊಡುತ್ತಾರೆ. ಬೇಕಾಗಿರುವ ಸಾಲುಗಳು ಹೀಗಿರಬೇಕು: ಕಾಯಿಲೆಯ ಹೆಸರು, ಎಂದಿನಿಂದ ಚಿಕಿತ್ಸೆ, ಪರೀಕ್ಷಾ ಕೊಠಡಿಯಲ್ಲಿ ಅದರಿಂದ ಏನಾಗುತ್ತದೆ, ಅದಕ್ಕೆ ಯಾವ ವ್ಯವಸ್ಥೆ ಮಾಡಬೇಕು, ಎಷ್ಟು ಕಾಲದವರೆಗೆ. ನಡುವಿನ ಸಾಲೇ ಜೀವ. "ಲಕ್ಷಣ ಶುರುವಾದಾಗ 10ರಿಂದ 15 ನಿಮಿಷ ಬರೆಯಲು, ಓದಿದ್ದನ್ನು ಗ್ರಹಿಸಲು ಆಗುವುದಿಲ್ಲ, ಹೊರಗಿನ ಗಾಳಿಗೆ ಬಂದರೆ ಚೇತರಿಸಿಕೊಳ್ಳುತ್ತಾಳೆ" ಎಂಬಂಥ ಮಾತು ಅಲ್ಲಿರಬೇಕು. ಇನ್ನು ನೀವು ಪತ್ರದಲ್ಲಿ ಕೇಳಿದ್ದಕ್ಕೂ ವೈದ್ಯರು ಬರೆದಿದ್ದಕ್ಕೂ ತಾಳೆಯಾಗಬೇಕು. ವೈದ್ಯರು ವಿರಾಮ ಅಂತ ಬರೆದು ನೀವು ಒಂದು ಗಂಟೆ ಕೇಳಿದರೆ ಅಲ್ಲೇ ಆಕ್ಷೇಪಣೆ ಬೀಳುತ್ತದೆ.

ಏನು ಬೇಡ ಅನ್ನುವುದೂ ಗೊತ್ತಿರಲಿ. ಮನೆಯ ಜಗಳ, ಹಿಂದಿನ ಕಹಿ ಘಟನೆ, ಪೂರ್ತಿ ಕೇಸ್ ಶೀಟ್, ಮಾತ್ರೆಗಳ ಪಟ್ಟಿ, ಇವು ಪರೀಕ್ಷಾ ವಿಭಾಗಕ್ಕೆ ಸಂಬಂಧಪಟ್ಟದ್ದಲ್ಲ. ಪರೀಕ್ಷೆ ನಡುವೆ ನುಂಗಬೇಕಾದ ಮಾತ್ರೆ ಇದ್ದರೆ ಅದೊಂದನ್ನು ಮಾತ್ರ ಬರೆಸಿ, ಇಲ್ಲದಿದ್ದರೆ ಗೇಟಿನಲ್ಲಿ ತಪಾಸಣೆ ಮಾಡುವವರು ಬಿಡುವುದಿಲ್ಲ. ಅಂಥ ಮಾತ್ರೆ ಕೆಲವು ನಿದ್ದೆ ಬರಿಸುತ್ತವೆ. ಮೊದಲ ಸಲ ಪರೀಕ್ಷೆ ದಿನವೇ ನುಂಗಿ ನೋಡುವುದು ಬೇಡ, ಈ ಮಾತನ್ನು ವೈದ್ಯರ ಹತ್ತಿರ ಮೊದಲೇ ಆಡಿಕೊಳ್ಳಿ.

ಅಂಗವಿಕಲರ ಯುಡಿಐಡಿ ಕಾರ್ಡ್ ಬೇಕಾ? ಕಚೇರಿಯವರು ಕೇಳೇ ಕೇಳುತ್ತಾರೆ. ಕಾರ್ಡಿಗೆ ಅರ್ಜಿ swavlambancard.gov.in ತಾಣದಲ್ಲಿ ಹಾಕಬೇಕು. ಮಾನಸಿಕ ಕಾಯಿಲೆಯ ಪ್ರಮಾಣವನ್ನು ಐಡಿಯಾಸ್ ಎಂಬ ಅಳತೆಯಿಂದ ನೋಡುತ್ತಾರೆ. ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಜನರ ಜೊತೆ ಬೆರೆಯುವುದು, ಮಾತು-ತಿಳಿವಳಿಕೆ, ದುಡಿಮೆ ಅಥವಾ ಓದು, ಈ ನಾಲ್ಕರಲ್ಲಿ ಎಷ್ಟು ತೊಂದರೆ ಇದೆ, ಎಷ್ಟು ವರ್ಷದಿಂದ ಇದೆ ಅಂತ ಅಂಕ ಹಾಕುತ್ತಾರೆ. ಪರೀಕ್ಷೆಯಲ್ಲಷ್ಟೇ ಕುಸಿದು ಉಳಿದ ದಿನ ಓಡಾಡಿಕೊಂಡಿರುವವರಿಗೆ ಇದರಲ್ಲಿ ಕಚೇರಿಯವರು ಸಾಮಾನ್ಯವಾಗಿ ಕೇಳುವ ಶೇ. 40 ಅಂಗವೈಕಲ್ಯ ಬರುವುದು ಕಷ್ಟ. ಕಾರ್ಡ್ ಇದ್ದರೆ ಪ್ರತಿ ಲಗತ್ತಿಸಿ. ಇಲ್ಲದಿದ್ದರೆ ಅದಕ್ಕಾಗಿ ಕಾದು ಕೂತು ಪರೀಕ್ಷೆ ತಪ್ಪಿಸಿಕೊಳ್ಳಬೇಡಿ. ಮುಂದೆ ಹೇಳುವ ಕಾನೂನು ಅದಕ್ಕೇ ಇರುವುದು.

ಕಾನೂನು ಎರಡೇ ಸಾಲು

ಆಧಾರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016. ದೀರ್ಘಕಾಲದ ಮಾನಸಿಕ ತೊಂದರೆಯಿಂದ ಇತರರಂತೆ ಭಾಗವಹಿಸಲು ಅಡ್ಡಿಯಾಗುವವರೂ ಈ ಕಾಯ್ದೆಯ ಕಲಂ 2(ಎಸ್) ಒಳಗೆ ಬರುತ್ತಾರೆ. ಅಲ್ಲಿ ಶೇಕಡಾವಾರು ಲೆಕ್ಕವಿಲ್ಲ. ಶೇ. 40 ಎಂಬುದು ಕಲಂ 2(ಆರ್), ಅದು ಮೀಸಲಾತಿಯಂಥ ಸೌಲಭ್ಯಗಳಿಗೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸಬೇಕು ಎಂದು 16ನೇ ಕಲಂ ಹೇಳುತ್ತದೆ. ಪರೀಕ್ಷಾ ಪದ್ಧತಿಯಲ್ಲಿ ತಕ್ಕ ಮಾರ್ಪಾಡು ಮಾಡಬೇಕು ಎಂಬುದು 17ನೇ ಕಲಂನಲ್ಲಿದೆ. ತಕ್ಕ ಅನುಕೂಲ ಅಂದರೇನು ಎಂಬುದು ಕಲಂ 2(ವೈ).

"ಶೇ. 40 ಇಲ್ಲ, ಆಗಲ್ಲ" ಎನ್ನುವವರಿಗೆ ತೋರಿಸಬೇಕಾದದ್ದು ಸುಪ್ರೀಂ ಕೋರ್ಟಿನ ವಿಕಾಸ್ ಕುಮಾರ್ ಪ್ರಕರಣ. 2021ರ ಫೆಬ್ರವರಿ 11ರ ತೀರ್ಪು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ, ಶೇ. 40 ಇಲ್ಲ ಎಂದು ಯುಪಿಎಸ್‌ಸಿ ಬರಹಗಾರರನ್ನು ಕೊಟ್ಟಿರಲಿಲ್ಲ. ಅನುಕೂಲ ಪಡೆಯಲು ಶೇ. 40 ಇರಲೇಬೇಕು ಎಂಬ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಒಬ್ಬೊಬ್ಬರ ಅಗತ್ಯ ನೋಡಿ ತೀರ್ಮಾನಿಸಬೇಕು ಎಂದಿತು.

ಇಲ್ಲಿ ಒಂದು ಎಚ್ಚರ. ಈ ತೀರ್ಪಿನ ನಂತರ 2022ರಲ್ಲಿ ಶೇ. 40ಕ್ಕಿಂತ ಕಡಿಮೆ ಇರುವವರಿಗೂ ಮಾರ್ಗಸೂಚಿ ಬಂತು. ಆದರೆ ಅದು ಬರೆಯಲು ಕಷ್ಟ ಇರುವವರಿಗೆ ಅಂತ ಇತ್ತು. ಆತಂಕದ ಕಾಯಿಲೆಯವರು ಆ ಮಾರ್ಗಸೂಚಿಯ ಮೇಲೇ ಭಾರ ಹಾಕಿದರೆ "ನಿನಗೆ ಬರೆಯೋಕೆ ಬರುತ್ತಲ್ಲಮ್ಮ" ಅಂತ ವಾಪಸ್ ಕಳಿಸುತ್ತಾರೆ. ಆದ್ದರಿಂದ ಕಾಯ್ದೆಯನ್ನೇ ಹಿಡಿಯಿರಿ. ಹಾಗೆಯೇ, ಪರೀಕ್ಷೆ ಹತ್ತಿರ ಬಂದಾಗ ಎಲ್ಲರಿಗೂ ಆಗುವ ಹೆದರಿಕೆ ಈ ಕಾಯ್ದೆಯೊಳಗೆ ಬರುವುದಿಲ್ಲ. ದೀರ್ಘಕಾಲದ ಕಾಯಿಲೆ ಅಂತ ವೈದ್ಯರು ಹೇಳಿರಬೇಕು. ಮಾನಸಿಕ ಕಾಯಿಲೆಗೆ ಕಾಯ್ದೆಯ ಅನುಸೂಚಿ ಕೊಡುವ ವಿವರಣೆ ಸಾಕಷ್ಟು ಗಟ್ಟಿಯಾಗಿದೆ, ದಿನನಿತ್ಯದ ಬದುಕನ್ನು ನಿಭಾಯಿಸಲು ಅಡ್ಡಿಯಾಗುವಷ್ಟು ಇರಬೇಕು ಎನ್ನುತ್ತದೆ. ಕಚೇರಿ ಇದನ್ನೇ ಹಿಡಿದು ಇಲ್ಲ ಎನ್ನಬಹುದು. ವೈದ್ಯರ ನಡುವಿನ ಸಾಲು ಅದಕ್ಕೇ ಅಷ್ಟು ಮುಖ್ಯ.

ಪತ್ರದಲ್ಲಿ ಇದೆಲ್ಲ ಎರಡು ಸಾಲು ಮೀರಬಾರದು. ಕಾನೂನಿನ ಪುಟಗಳನ್ನೇ ಇಟ್ಟರೆ ಕಡತ ಕಾನೂನು ವಿಭಾಗಕ್ಕೆ ಹೋಗುತ್ತದೆ. ಅಲ್ಲಿಂದ ಬರುವಷ್ಟರಲ್ಲಿ ರಿಸಲ್ಟ್ ಬಂದಿರುತ್ತದೆ.

ಯಾರಿಗೆ, ಯಾವಾಗ

ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆಯ ಹೊಣೆ ಕುಲಸಚಿವರು (ಮೌಲ್ಯಮಾಪನ) ಇವರದ್ದು. ಸ್ವಾಯತ್ತ ಕಾಲೇಜಾದರೆ ಪರೀಕ್ಷಾ ನಿಯಂತ್ರಕರು. ಕುಲಪತಿಗಳಿಗೆ ಬರೆದರೆ ಬೇಗ ಆಗುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದು ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ, ತಡವಾಗಿ. ಪ್ರಾಂಶುಪಾಲರ ಮೂಲಕವೇ ಕಳಿಸಿ, ಅವರ ಶಿಫಾರಸು ಪತ್ರ ಇರಲಿ. ಕಾಲೇಜಿನಲ್ಲಿ ಸಮಾನ ಅವಕಾಶ ಕೋಶ ಇದ್ದರೆ ಅವರಿಗೂ ಒಂದು ಪ್ರತಿ.

ಹಾಲ್ ಟಿಕೆಟ್ ಬಂದ ಮೇಲೆ ಓಡಬೇಡಿ. ಪರೀಕ್ಷಾ ಶುಲ್ಕ ಕಟ್ಟುವ ಪ್ರಕಟಣೆ ಬಂದ ವಾರದಲ್ಲೇ ಪತ್ರ ಕೊಡಿ. ಕೇಂದ್ರಗಳ ಪಟ್ಟಿ, ಆಸನ ವ್ಯವಸ್ಥೆ ಎಲ್ಲ ಆಮೇಲೆ ತಯಾರಾಗುತ್ತದೆ. ಆದೇಶ ಆ ಹೊತ್ತಿಗೆ ಕೇಂದ್ರಕ್ಕೆ ತಲುಪಿದ್ದರೆ ಅಲ್ಲಿಯ ಮುಖ್ಯ ಅಧೀಕ್ಷಕರಿಗೆ ಏನೂ ಹೊರೆಯಾಗುವುದಿಲ್ಲ.

ಪತ್ರ

ನಮ್ಮ ವಿದ್ಯಾರ್ಥಿನಿಯ ಪತ್ರ ಹೀಗಿರುತ್ತದೆ. ಒಂದು ಪುಟ, ಅಷ್ಟೇ.

ಇಂದ:
(ಹೆಸರು), ನಾಲ್ಕನೇ ಸೆಮಿಸ್ಟರ್ ಬಿ.ಎಸ್ಸಿ.
ನೋಂದಣಿ ಸಂಖ್ಯೆ: ________
(ಕಾಲೇಜಿನ ಹೆಸರು, ಊರು), ಮೊಬೈಲ್: ________

ಗೆ:
ಕುಲಸಚಿವರು (ಮೌಲ್ಯಮಾಪನ)
(ವಿಶ್ವವಿದ್ಯಾಲಯದ ಹೆಸರು, ಊರು)

ಮೂಲಕ: ಪ್ರಾಂಶುಪಾಲರು, (ಕಾಲೇಜಿನ ಹೆಸರು)

ಮಾನ್ಯರೇ,

ವಿಷಯ: ನಾಲ್ಕನೇ ಸೆಮಿಸ್ಟರ್ ಪರೀಕ್ಷೆಯಲ್ಲಿ ವಿರಾಮ ಹಾಗೂ ಆಸನದ ಅನುಕೂಲ ಕೋರಿ.
ಉಲ್ಲೇಖ: ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016, ಕಲಂ 2(ಎಸ್), 2(ವೈ), 16 ಮತ್ತು 17.

ನನಗೆ ಪ್ಯಾನಿಕ್ ಡಿಸಾರ್ಡರ್ ಇರುವುದಾಗಿ ಮನೋವೈದ್ಯರು ಗುರುತಿಸಿದ್ದು, (ತಿಂಗಳು, ವರ್ಷ)ದಿಂದ ಚಿಕಿತ್ಸೆ ಪಡೆಯುತ್ತಿದ್ದೇನೆ. ಪ್ರಮಾಣಪತ್ರ ಲಗತ್ತಿಸಿದ್ದೇನೆ.

ಪರೀಕ್ಷಾ ಕೊಠಡಿಯಲ್ಲಿ ಇದ್ದಕ್ಕಿದ್ದಂತೆ ಎದೆಬಡಿತ ಮತ್ತು ಉಸಿರು ಕಟ್ಟುವ ಲಕ್ಷಣ ಶುರುವಾಗಿ ಸುಮಾರು 10ರಿಂದ 15 ನಿಮಿಷ ಬರೆಯಲು ಸಾಧ್ಯವಾಗುವುದಿಲ್ಲ. ಕೊಠಡಿಯಿಂದ ಹೊರಬಂದರೆ ಚೇತರಿಸಿಕೊಂಡು ಬರೆಯಬಲ್ಲೆ. ಮೂರನೇ ಸೆಮಿಸ್ಟರಿನಲ್ಲಿ ಹೊರಗೆ ಹೋಗಲು ಅವಕಾಶವಿಲ್ಲದೆ ಎರಡು ಪತ್ರಿಕೆಗಳನ್ನು ಅರ್ಧಕ್ಕೆ ಬಿಡಬೇಕಾಯಿತು.

ಆದ್ದರಿಂದ ವೈದ್ಯರ ಶಿಫಾರಸಿನಂತೆ ಕೆಳಗಿನ ಅನುಕೂಲಗಳನ್ನು ಕೋರುತ್ತೇನೆ.

1. ಲಕ್ಷಣ ಕಂಡುಬಂದಾಗ, ಮೊದಲ ಅರ್ಧ ಗಂಟೆಯೂ ಸೇರಿದಂತೆ, ಕೊಠಡಿಯಿಂದ ಹೊರಗೆ ಹೋಗಿಬರಲು ಅನುಮತಿ. ಹೊರಗಿದ್ದ ಅವಧಿಯನ್ನು, ಒಟ್ಟು 30 ನಿಮಿಷ ಮೀರದಂತೆ, ಪರೀಕ್ಷೆಯ ಕೊನೆಯಲ್ಲಿ ಸೇರಿಸಿ ಕೊಡುವುದು.
2. ಕಡಿಮೆ ವಿದ್ಯಾರ್ಥಿಗಳಿರುವ ಕೊಠಡಿಯಲ್ಲಿ ಬಾಗಿಲ ಸಮೀಪದ ಆಸನ.
3. ನೀರಿನ ಪಾರದರ್ಶಕ ಬಾಟಲಿ ಹಾಗೂ ವೈದ್ಯರು ಸೂಚಿಸಿದ ಮಾತ್ರೆ ಇಟ್ಟುಕೊಳ್ಳಲು ಅನುಮತಿ.

ಹೊರಗಿರುವಾಗ ಉತ್ತರ ಪತ್ರಿಕೆ ಮತ್ತು ಪ್ರಶ್ನೆಪತ್ರಿಕೆಯನ್ನು ಕೊಠಡಿ ಮೇಲ್ವಿಚಾರಕರಿಗೆ ಒಪ್ಪಿಸುತ್ತೇನೆ. ಮಹಿಳಾ ಸಿಬ್ಬಂದಿ ಜೊತೆಗಿರುವುದಕ್ಕೂ, ಹೋದ ಮತ್ತು ಬಂದ ಸಮಯ ದಾಖಲಿಸುವುದಕ್ಕೂ ನನ್ನ ಒಪ್ಪಿಗೆ ಇದೆ.

ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರಿಗೆ ಲಿಖಿತ ಆದೇಶ ನೀಡಿ, ಅದರ ಒಂದು ಪ್ರತಿಯನ್ನು ನನಗೂ ಕೊಡಿಸಬೇಕಾಗಿ ಕೋರುತ್ತೇನೆ. ಆದೇಶದಲ್ಲಿ ಮತ್ತು ಕೇಂದ್ರದ ಸೂಚನಾ ಫಲಕದಲ್ಲಿ ಕಾಯಿಲೆಯ ಹೆಸರು ಬರೆಯದೆ "ವಿಶೇಷ ವ್ಯವಸ್ಥೆ" ಎಂದಷ್ಟೇ ನಮೂದಿಸಬೇಕಾಗಿ ವಿನಂತಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ) (ದಿನಾಂಕ) (ಸ್ಥಳ)

ಲಗತ್ತುಗಳು: ವೈದ್ಯಕೀಯ ಪ್ರಮಾಣಪತ್ರ, ಪ್ರಾಂಶುಪಾಲರ ಶಿಫಾರಸು, ಹಿಂದಿನ ಸೆಮಿಸ್ಟರಿನ ಅಂಕಪಟ್ಟಿ ಪ್ರತಿ.

ಅಂಕಪಟ್ಟಿ ಯಾಕೆ ಅಂದರೆ, ಉಳಿದ ಪೇಪರುಗಳಲ್ಲಿ ಒಳ್ಳೆಯ ಅಂಕ ಇದ್ದು ಎರಡರಲ್ಲಿ ಮಾತ್ರ ಬಿದ್ದಿದ್ದರೆ, ಇದು ಓದದೇ ಹೇಳುವ ನೆಪ ಅಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಎಲ್ಲದರಲ್ಲೂ ಅಂಕ ಕಡಿಮೆ ಇದ್ದರೆ ಇದನ್ನು ಇಡುವ ಅಗತ್ಯವಿಲ್ಲ.

ಕೊನೆಯ ವಿನಂತಿಯನ್ನು ಬಿಡಬೇಡಿ. ಹುಡುಗಿಯ ಹೆಸರಿನ ಮುಂದೆ "ಮಾನಸಿಕ" ಅಂತ ಬರೆದ ಪಟ್ಟಿ ಕಾರಿಡಾರಿನಲ್ಲಿ ಅಂಟಿದರೆ ಆಮೇಲೆ ಯಾವ ಅನುಕೂಲ ಕೊಟ್ಟೂ ಉಪಯೋಗವಿಲ್ಲ, ಅಲ್ವಾ? ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಕಲಂ ಗೋಪ್ಯತೆಯನ್ನು ಹಕ್ಕು ಎಂದೇ ಹೇಳುತ್ತದೆ. ಪತ್ರದಲ್ಲಿ ಅದನ್ನು ಉಲ್ಲೇಖಿಸುವುದು ಬೇಕಿಲ್ಲ, ಯಾರಾದರೂ ತಕರಾರು ಮಾಡಿದರೆ ಬಾಯಲ್ಲಿರಲಿ. ಪ್ರಮಾಣಪತ್ರವನ್ನು ಪ್ರತ್ಯೇಕ ಲಕೋಟೆಯಲ್ಲಿ ಹಾಕಿ ಮೇಲೆ "ಗೋಪ್ಯ" ಎಂದು ಬರೆದರೆ ಇನ್ನೂ ಒಳ್ಳೆಯದು.

ಕೊಟ್ಟ ಮೇಲೆ

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಆ ನಂಬರ್ ಇಲ್ಲದೆ ಮುಂದಿನ ವಾರ ಹೋಗಿ ಕೇಳಿದರೆ ನಿಮ್ಮ ಪತ್ರ ಯಾರ ಟೇಬಲ್ಲಿನಲ್ಲೂ ಇರುವುದಿಲ್ಲ. ಹತ್ತು ದಿನ ಬಿಟ್ಟು ನಂಬರ್ ಹೇಳಿ ವಿಚಾರಿಸಿ. ಉತ್ತರವಿಲ್ಲದಿದ್ದರೆ ಅದೇ ನಂಬರ್ ಹಾಕಿ ನೆನಪೋಲೆ ಬರೆಯಿರಿ, ಜೊತೆಗೆ ಇಮೇಲ್ ಮಾಡಿ. "ಆಯ್ತು ಹೋಗಮ್ಮ, ಸೆಂಟರ್‌ಗೆ ಫೋನ್ ಮಾಡಿ ಹೇಳ್ತೀವಿ" ಎಂದರೆ ನಂಬಿ ಬರಬೇಡಿ. ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಪರೀಕ್ಷೆಯ ದಿನ ಸ್ಕ್ವಾಡ್ ಬಂದಾಗ ಕಾಗದವಿಲ್ಲದೆ ವಿದ್ಯಾರ್ಥಿಯನ್ನು ಹೊರಗೆ ಬಿಟ್ಟ ಮೇಲ್ವಿಚಾರಕರ ಮೇಲೇ ಬರುತ್ತದೆ. ಹಾಗಾಗಿ ಯಾವ ಮೇಲ್ವಿಚಾರಕರೂ ಬಿಡುವುದಿಲ್ಲ. ನಾನೂ ಬಿಡುವುದಿಲ್ಲ.

ಆದೇಶ ಬಂದರೆ ಓದಿ ನೋಡಿ. "ನಿಯಮಾನುಸಾರ ಅನುಕೂಲ ಕಲ್ಪಿಸುವುದು" ಎಂದಷ್ಟೇ ಇದ್ದರೆ ಅದು ಆದೇಶವೇ ಅಲ್ಲ, ಎಷ್ಟು ನಿಮಿಷ ಅಂತ ಬರೆಸಿ. ಕೆಲವು ಸಲ ಕೇಳಿದ್ದೆಲ್ಲ ಕೊಡುವುದಿಲ್ಲ. ಬಾಗಿಲ ಪಕ್ಕದ ಆಸನ, ನೀರು, ಹೊರಗೆ ಹೋಗಿಬರುವ ಅನುಮತಿ ಸಿಕ್ಕಿ, ಹೊರಗಿದ್ದ ಸಮಯವನ್ನು ಕೊನೆಗೆ ಸೇರಿಸಿ ಕೊಡದಿದ್ದರೆ ಪರೀಕ್ಷೆ ಬಿಡಬೇಡಿ. ಹೊರಗೆ ಹೋಗಿ ಬರಬಹುದು ಅನ್ನುವುದೇ ಈ ವಿದ್ಯಾರ್ಥಿನಿಯಂಥವರಿಗೆ ಮುಕ್ಕಾಲು ಪಾಲು ಪರಿಹಾರ. ಬಾಗಿಲು ತೆರೆದಿದೆ ಅಂತ ಗೊತ್ತಿದ್ದರೆ ಎಷ್ಟೋ ಸಲ ಎದ್ದು ಹೋಗುವ ಅಗತ್ಯವೇ ಬರುವುದಿಲ್ಲ.

ಪೂರ್ತಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಡತದ ಟಿಪ್ಪಣಿ ಪ್ರತಿ ಪಡೆಯಬಹುದು. ಅದಕ್ಕೆ 30 ದಿನ ಹಿಡಿಯುವುದರಿಂದ ಈ ಸೆಮಿಸ್ಟರಿಗೆ ಸಿಗದು, ಮುಂದಿನದಕ್ಕೆ ಆಗುತ್ತದೆ. ಕಾಯ್ದೆಯಡಿ ರಾಜ್ಯದಲ್ಲಿ ಅಂಗವಿಕಲ ವ್ಯಕ್ತಿಗಳ ಆಯುಕ್ತರಿದ್ದಾರೆ. ಮೊದಲ ಪತ್ರ, ಸ್ವೀಕೃತಿ, ನೆನಪೋಲೆ, ವೈದ್ಯರ ಪತ್ರ ಎಲ್ಲ ಇಟ್ಟು ಅವರಿಗೆ ದೂರು ಕೊಡಬಹುದು. ಅವರು ವಿಶ್ವವಿದ್ಯಾಲಯದಿಂದ ವಿವರಣೆ ಕೇಳುತ್ತಾರೆ, ಶಿಫಾರಸು ಮಾಡುತ್ತಾರೆ. ಕೋರ್ಟಿನ ಹಾಗೆ ಆದೇಶ ಜಾರಿ ಮಾಡಿಸುವ ಬಲ ಅವರಿಗಿಲ್ಲ, ಆದರೂ ಆಯುಕ್ತರ ಕಚೇರಿಯ ಪತ್ರ ಬಂದ ಕಡತ ಟೇಬಲ್ಲಿನಲ್ಲಿ ಮಲಗುವುದಿಲ್ಲ.

ಪರೀಕ್ಷೆಯ ಹಿಂದಿನ ದಿನ ಆದೇಶದ ಪ್ರತಿ ಹಿಡಿದು ಕೇಂದ್ರಕ್ಕೆ ಹೋಗಿ ಮುಖ್ಯ ಅಧೀಕ್ಷಕರನ್ನು ನೋಡಿ ಬನ್ನಿ. ಕೂರುವ ಕೊಠಡಿ, ಹೊರಗೆ ಬಂದರೆ ನಿಲ್ಲುವ ಜಾಗ ನೋಡಿಕೊಳ್ಳಿ. ಒಂದೊಂದು ಪೇಪರಿಗೆ ಒಬ್ಬೊಬ್ಬ ಮೇಲ್ವಿಚಾರಕರು ಬರುತ್ತಾರೆ. ಹಾಗಾಗಿ ಪ್ರತಿದಿನ ಪ್ರಶ್ನೆಪತ್ರಿಕೆ ಕೊಡುವ ಮುಂಚೆ ಆ ಕಾಗದವನ್ನು ಅವರಿಗೆ ತೋರಿಸಿ. ಲಕ್ಷಣ ಶುರುವಾದ ಮೇಲೆ ವಿವರಿಸಲು ಬಾಯಿ ಬರುವುದಿಲ್ಲ. ಹೊರಗೆ ಹೋಗುವಾಗ ಕೈ ಎತ್ತಿದರೆ ಸಾಕು ಅಂತ ಮೊದಲೇ ಮಾತಾಡಿಕೊಂಡಿರಿ. ವಾಪಸ್ ಬಂದ ಕೂಡಲೇ ಹೋದ ಸಮಯ, ಬಂದ ಸಮಯ ಬರೆದ ಚೀಟಿಗೆ ಅವರ ಸಹಿ ಹಾಕಿಸಿ. 10.20ಕ್ಕೆ ಹೋಗಿ 10.34ಕ್ಕೆ ಬಂದರೆ 14 ನಿಮಿಷ. ಅದು ಬರಹದಲ್ಲಿ ಇಲ್ಲದಿದ್ದರೆ ಕೊನೆಯ ಬೆಲ್ ಹೊಡೆದಾಗ ಉತ್ತರ ಪತ್ರಿಕೆ ಕಟ್ಟುವ ಗಡಿಬಿಡಿಯಲ್ಲಿ ಆ 14 ನಿಮಿಷ ಯಾರಿಗೂ ನೆನಪಿರುವುದಿಲ್ಲ.

ಆದೇಶ ಸಾಮಾನ್ಯವಾಗಿ ಒಂದು ಸೆಮಿಸ್ಟರಿಗೆ ಮಾತ್ರ. ಮುಂದಿನ ಸಲ ಹೊಸ ಪತ್ರ ಬೇಕು. ಆಗ ಉಲ್ಲೇಖದ ಜಾಗದಲ್ಲಿ ಹಳೆಯ ಆದೇಶದ ಸಂಖ್ಯೆ ಮತ್ತು ದಿನಾಂಕ ಹಾಕಿ. ಹಿಂದೆ ಕೊಟ್ಟಿದ್ದನ್ನೇ ಕೊಡುವುದಕ್ಕೆ ಟಿಪ್ಪಣಿ ಬರೆಯುವುದು ಕೇಸ್ ವರ್ಕರ್‌ಗೆ ಎರಡು ನಿಮಿಷದ ಕೆಲಸ.